ಭೀಮನ ಅಮಾವಾಸ್ಯೆಯವರೆಗೆ: ಸುಳ್ಳಿಲ್ಲದ ರಿಯಾಯಿತಿಯ ಮಾತು

ಅವಧಿ ರಿಯಾಯಿತಿ ಎಂದರೆ ಗೊತ್ತಾದ ಒಂದು ದಿನದವರೆಗೆ ಮಾತ್ರ ಕಡಿಮೆ ಬೆಲೆಗೆ ಮಾರುವುದು. ಅದು ಪ್ರಾಮಾಣಿಕವೇ ಎಂದು ತಿಳಿಯಲು ಒಂದೇ ಪ್ರಶ್ನೆ ಸಾಕು: ಆ ದಿನ ಕಳೆದ ಮೇಲೆ ಬೆಲೆ ಏಕೆ ಏರಬೇಕು? ಅಂಗಡಿಯವರ ಬಳಿ ಇದಕ್ಕೆ ನಿಜವಾದ ಉತ್ತರವಿದ್ದರೆ ಆ ಉತ್ತರವನ್ನೇ ಗಿರಾಕಿಗೆ ಹೇಳಬಹುದು, ಬೇರೆ ಆಮಿಷ ಬೇಕಾಗುವುದಿಲ್ಲ. ಉತ್ತರವೇ ಇಲ್ಲದಿದ್ದರೆ ಎಷ್ಟು ಚೆಂದದ ಮಾತು ಬರೆದರೂ ಅದು ಅವಸರದ ನಾಟಕವಾಗುತ್ತದೆ.

ಕರ್ನಾಟಕದ ಸೀರೆ ಅಂಗಡಿಗಳ ಆಷಾಢ ಮಾರಾಟ ಇದಕ್ಕೆ ಒಳ್ಳೆಯ ಉದಾಹರಣೆ. ಆಷಾಢದಲ್ಲಿ ಮದುವೆ, ಗೃಹಪ್ರವೇಶಗಳು ನಡೆಯುವುದಿಲ್ಲವಾದ್ದರಿಂದ ಜವಳಿ ವ್ಯಾಪಾರ ಮಂಕಾಗುತ್ತದೆ. ಅದೇ ಹೊತ್ತಿಗೆ ಶ್ರಾವಣದ ಮಾಲು ಬರುವ ದಿನ ಹತ್ತಿರವಾಗುತ್ತದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಸೀರೆ ಕೊಳ್ಳುವವರು ಹೊಸ ಬಣ್ಣ, ಹೊಸ ಅಂಚು ಕೇಳುತ್ತಾರೆ. ಅದನ್ನು ಇಡಲು ಕಪಾಟಿನಲ್ಲಿ ಜಾಗ ಬೇಕು, ಅದನ್ನು ತರಿಸಲು ಕೈಯಲ್ಲಿ ಹಣ ಬೇಕು. ಮಾರಾಟವಾಗದೆ ಉಳಿದ ಹಳೆಯ ಮಾಲು ಈ ಎರಡನ್ನೂ ಹಿಡಿದಿಟ್ಟಿರುತ್ತದೆ. ಹೀಗಾಗಿ ಆಷಾಢದ ಕೊನೆಯ ದಿನವಾದ ಭೀಮನ ಅಮಾವಾಸ್ಯೆ ಅಂಗಡಿಯವರು ಕಲ್ಪಿಸಿಕೊಂಡ ಗಡುವಲ್ಲ. ಪಂಚಾಂಗವೇ ಕೊಟ್ಟದ್ದು, ಗಿರಾಕಿಗೂ ಗೊತ್ತಿರುವುದು.

ಮಾತು ಬರೆಯುವ ಮೊದಲು ಲೆಕ್ಕ ಆಗಬೇಕು. ತಾಲ್ಲೂಕು ಕೇಂದ್ರದ ಒಂದು ಅಂಗಡಿಯನ್ನು ಊಹಿಸಿಕೊಳ್ಳಬಹುದು. ಅಲ್ಲಿ ಒಂದು ಬಗೆಯ ರೇಷ್ಮೆ ಮಿಶ್ರಿತ ಸೀರೆಯ ಮಾಮೂಲಿ ಬೆಲೆ 2,400 ರೂಪಾಯಿ, ಅಸಲು 1,700. ಒಂದು ಸೀರೆಗೆ 700 ರೂಪಾಯಿ ಉಳಿಯುತ್ತದೆ. ಬಾಡಿಗೆ, ಕರೆಂಟು, ಕೆಲಸದವರ ಸಂಬಳ ಎಲ್ಲವೂ ಅದರಲ್ಲೇ ನಡೆಯಬೇಕು. ಶೇಕಡಾ 20 ಬಿಟ್ಟರೆ ಬೆಲೆ 1,920 ಆಗುತ್ತದೆ, ಉಳಿಯುವುದು ಬರೀ 220. ಹಾಕಿದ ಬಂಡವಾಳ ಬಿಡಿಸಿಕೊಳ್ಳಲು ಒಂದು ತಿಂಗಳು ಇಷ್ಟರಲ್ಲಿ ಮಾರಬಹುದು, ವರ್ಷವಿಡೀ ಮಾರಲಾಗದು. ಬೆಲೆ ಮತ್ತೆ ಏರಲೇಬೇಕಾದ ಕಾರಣ ಇದೇ. ಈ ಲೆಕ್ಕವನ್ನು ಅಂಗಡಿಯವರು ಮೊದಲೇ ಮಾಡಿರದಿದ್ದರೆ ಅಮಾವಾಸ್ಯೆ ಕಳೆದ ಮೇಲೂ ಅದೇ ಬೆಲೆಗೆ ಕೊಡುವ ಆಸೆ ಹುಟ್ಟುತ್ತದೆ, ಗಡುವು ಅಲ್ಲಿಗೆ ಸುಳ್ಳಾಗುತ್ತದೆ.

ಇನ್ನೊಂದು ಸಂಗತಿಯನ್ನೂ ಇಲ್ಲೇ ನೋಡಿಕೊಳ್ಳಬೇಕು. 2,400 ಎಂಬುದು ನಿಜವಾಗಿ ನಡೆದ ಬೆಲೆಯೇ? ಜ್ಯೇಷ್ಠದ ಬಿಲ್ ಪುಸ್ತಕ ತೆಗೆದರೆ ಆ ಸೀರೆ ಆ ಬೆಲೆಗೆ ಮಾರಾಟವಾಗಿದ್ದು ಕಾಣಬೇಕು. ಮಾರಾಟಕ್ಕೆ ವಾರ ಮೊದಲು 3,000ದ ಚೀಟಿ ಅಂಟಿಸಿ, ಆಮೇಲೆ ಶೇಕಡಾ 20 ಕಡಿಮೆ ಎಂದರೆ ಗಿರಾಕಿಗೆ ದಕ್ಕಿದ್ದು ಏನೂ ಇಲ್ಲ. ಯುರೋಪ್ ಒಕ್ಕೂಟ 2019ರ ನಿರ್ದೇಶನವೊಂದರಲ್ಲಿ ಈ ಚಾಳಿಗೆ ಕಡಿವಾಣ ಹಾಕಿದೆ: ರಿಯಾಯಿತಿ ಸಾರುವವರು ಸಾಮಾನ್ಯವಾಗಿ ಅದಕ್ಕೆ ಹಿಂದಿನ ಕನಿಷ್ಠ 30 ದಿನಗಳಲ್ಲಿದ್ದ ಅತಿ ಕಡಿಮೆ ಬೆಲೆಯನ್ನೇ ಹಳೆಯ ಬೆಲೆಯಾಗಿ ತೋರಿಸಬೇಕು. ಕಾನೂನು ಕೇಳಲಿ ಬಿಡಲಿ, ಯಾವ ಊರಿನ ಅಂಗಡಿಯೂ ತಾನಾಗಿಯೇ ಪಾಲಿಸಬಹುದಾದ ಅಳತೆ ಇದು.

ಲೆಕ್ಕ ಮುಗಿದರೆ ಫಲಕದ ಮಾತು ತಾನಾಗಿ ಹೊಮ್ಮುತ್ತದೆ: “ಶ್ರಾವಣದ ಹೊಸ ಸೀರೆಗಳಿಗೆ ಜಾಗ ಬೇಕಾಗಿದೆ. ಎಡಗಡೆಯ ಎರಡು ಕಪಾಟಿನ ಸೀರೆಗಳಿಗೆ ಭೀಮನ ಅಮಾವಾಸ್ಯೆಯ ರಾತ್ರಿ 9 ಗಂಟೆಯವರೆಗೆ ಶೇಕಡಾ 20 ರಿಯಾಯಿತಿ. ಮರುದಿನದಿಂದ ಮಾಮೂಲಿ ಬೆಲೆ.” ಇದರಲ್ಲಿ ಕಾರಣವಿದೆ, ಯಾವ ಮಾಲು ಎಂಬುದಿದೆ, ಮುಗಿಯುವ ಗಳಿಗೆಯಿದೆ, ಆಮೇಲೆ ಏನಾಗುತ್ತದೆ ಎಂಬುದೂ ಇದೆ. ಹಬ್ಬದ ಹೆಸರಿನ ಜತೆಗೆ ತಾರೀಖನ್ನೂ ಬರೆದರೆ ಯಾರಿಗೂ ಗೊಂದಲವಿಲ್ಲ. “ಶೇಕಡಾ 50ರವರೆಗೆ” ಎಂದು ದೊಡ್ಡದಾಗಿ ಬರೆದು, ಆ ದರವನ್ನು ಮೂಲೆಯ ನಾಲ್ಕು ಸೀರೆಗಳಿಗೆ ಮಾತ್ರ ಕೊಡುವ ಫಲಕ ಇದಕ್ಕೆ ತದ್ವಿರುದ್ಧ. ಅಲ್ಲಿ ಗಿರಾಕಿ ಒಳಗೆ ಬರುವುದು ಒಂದು ನಂಬಿಕೆಯಿಂದ, ಹೊರಗೆ ಹೋಗುವುದು ಬೇರೊಂದು ಭಾವನೆಯಿಂದ.

ಮಾತು ಹಾದಿ ತಪ್ಪುವುದು ಹೆಚ್ಚಾಗಿ ಫಲಕದಲ್ಲಲ್ಲ, ಗಲ್ಲೆಯ ಈಚೆ ಸೀರೆ ಬಿಡಿಸಿ ತೋರಿಸುವಾಗ. “ಇದೇ ಕೊನೇ ಪೀಸು ಅಕ್ಕಾ” ಎನ್ನುವುದು ಮಾರುವವರ ಬಾಯಿಗೆ ಅಭ್ಯಾಸವಾಗಿರುತ್ತದೆ, ಒಳಗೆ ಅದೇ ಬಣ್ಣದ ಆರು ಸೀರೆ ಇದ್ದರೂ. ಗಿರಾಕಿ ಅದನ್ನು ಕೊಂಡು ಹೋಗಿ, ವಾರದ ನಂತರ ನಾದಿನಿಯ ಕೈಯಲ್ಲಿ ಅದೇ ಅಂಗಡಿಯ ಅದೇ ಸೀರೆ ನೋಡಿದರೆ ಅಂಗಡಿಯ ಉಳಿದ ಮಾತುಗಳೂ ಬಿದ್ದುಹೋಗುತ್ತವೆ. ಇದನ್ನು ತಡೆಯುವುದು ಕಷ್ಟವಲ್ಲ. ಪ್ರತಿದಿನ ಬೆಳಗ್ಗೆ ಬಣ್ಣವಾರು ಎಣಿಸಿದ ಚೀಟಿಯೊಂದು ಮಾರುವವರ ಕೈಯಲ್ಲಿದ್ದರೆ ಸಾಕು. ಆಗ ಮಾತು ಹೀಗಾಗುತ್ತದೆ: “ಈ ಹಸಿರಲ್ಲಿ ಎರಡೇ ಇದಾವೆ ಅಕ್ಕಾ, ಮತ್ತೆ ತರಿಸಲ್ಲ. ನೀಲಿ ಬೇಕಾದಷ್ಟಿದೆ, ಅದಕ್ಕೇನೂ ಅವಸರ ಇಲ್ಲ, ಅಮಾವಾಸ್ಯೆ ಒಳಗೆ ಯಾವಾಗ ಬಂದ್ರೂ ಸಿಗತ್ತೆ.” ನೀಲಿಗೆ ಅವಸರವಿಲ್ಲ ಎಂದು ಹೇಳಿದ್ದರಿಂದಲೇ ಹಸಿರಿನ ಮಾತಿಗೆ ತೂಕ ಬರುತ್ತದೆ. ಹಾಗೆಯೇ “ಮತ್ತೆ ತರಿಸಲ್ಲ” ಎಂಬುದನ್ನು ಮಾಲೀಕರನ್ನು ಕೇಳಿಯೇ ಹೇಳಬೇಕು. ನೇಕಾರರಿಗೆ ಮತ್ತೆ ಆರ್ಡರ್ ಹೋಗಿದ್ದರೆ ಎರಡೇ ಉಳಿದಿರುವುದು ನಿಜವಾದರೂ ಆ ಕೊರತೆ ತಾತ್ಕಾಲಿಕ, ಅದನ್ನು ಹಾಗೆಂದೇ ಹೇಳಬೇಕು.

ಗಿರಾಕಿ “ಮನೇಲಿ ಕೇಳ್ಕೊಂಡು ನಾಳೆ ಬರ್ತೀನಿ” ಎಂದಾಗ ಗಾಬರಿ ಹುಟ್ಟಿಸುವ ಆಸೆ ಬಲವಾಗಿರುತ್ತದೆ. ಸರಿಯಾದ ಉತ್ತರ ಚಿಕ್ಕದು: “ಆಗಲಿ ಅಕ್ಕಾ. ಬೆಲೆ ಗುರುವಾರ ರಾತ್ರಿವರೆಗೂ ಇದೇ. ಈ ಹಸಿರು ಮಾತ್ರ ನಾಳೆ ಇರತ್ತೆ ಅಂತ ಹೇಳಕ್ಕಾಗಲ್ಲ. ಬೇಕಿದ್ರೆ ನಾಳೆ ಸಂಜೆವರೆಗೂ ಎತ್ತಿಡ್ತೀನಿ.” ಹೀಗೆ ಬೆಲೆಯ ಗಡುವನ್ನೂ ಮಾಲಿನ ಕೊರತೆಯನ್ನೂ ಬಿಡಿಸಿ ಹೇಳುವುದೇ ಈ ಕೆಲಸದ ತಿರುಳು, ಮೋಸದ ಮಾತುಗಳು ಇವೆರಡನ್ನೂ ಕಲಸಿಬಿಡುತ್ತವೆ. ಎತ್ತಿಟ್ಟ ಸೀರೆಯನ್ನು ಹೇಳಿದ ಹೊತ್ತಿನವರೆಗೆ ಬೇರೆಯವರಿಗೆ ಕೊಡಬಾರದು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ವಾಟ್ಸಾಪ್‌ಗೆ ಎರಡು ಸಂದೇಶ ಸಾಕು: ಶುರುವಾದ ದಿನ ಒಂದು, ಮುಗಿಯುವ ಹಿಂದಿನ ದಿನ ಒಂದು. ಎರಡನೆಯದರಲ್ಲಿ “ನಾಳೆ ರಾತ್ರಿ 9ಕ್ಕೆ ಮುಗಿಯುತ್ತದೆ. ಕೆಂಪು ಮತ್ತು ಹಸಿರು ಖಾಲಿಯಾಗಿವೆ, ನೀಲಿ ಮತ್ತು ಅರಿಶಿನ ಬಣ್ಣದವು ಇವೆ” ಎಂದು ಖಾಲಿಯಾದದ್ದನ್ನೂ ತಿಳಿಸಿದರೆ ದೂರದಿಂದ ಬಸ್ ಹಿಡಿದು ಬರುವವರಿಗೆ ಉಪಕಾರವಾಗುತ್ತದೆ.

ಭಾರತದಲ್ಲಿ ಇದು ಬರೀ ಒಳ್ಳೆಯತನದ ವಿಷಯವಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಸಾರಿದ ಬೆಲೆಗೆ ಮಾರುವ ನಿಜವಾದ ಸಾಧ್ಯತೆಯಾಗಲಿ ಸಾಕಷ್ಟು ಮಾಲಾಗಲಿ ಇಲ್ಲದೆ ಗಿರಾಕಿಯನ್ನು ಸೆಳೆಯುವ ಜಾಹೀರಾತು ಸಲ್ಲದು. 2023ರ ನವೆಂಬರ್‌ನಲ್ಲಿ ಅದೇ ಪ್ರಾಧಿಕಾರ ಆನ್‌ಲೈನ್ ಮಾರಾಟದ 13 ಮೋಸದ ತಂತ್ರಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಮೊದಲನೆಯದೇ ಸುಳ್ಳು ಅವಸರ.

ಇನ್ನು ಕೊನೆಯ ಪರೀಕ್ಷೆ ಬರುವುದು ಶ್ರಾವಣದ ಮೊದಲ ಬೆಳಗ್ಗೆ. “ನಿನ್ನೆ ಬರೋಕಾಗ್ಲಿಲ್ಲ, ಅದೇ ರೇಟಿಗೆ ಕೊಡಿ” ಎಂದು ಹಳೆಯ ಗಿರಾಕಿಯೊಬ್ಬರು ಬರುತ್ತಾರೆ. ಅವರಿಗೆ ಕೊಟ್ಟರೆ, ರಾತ್ರಿ 9ರೊಳಗೆ ಓಡೋಡಿ ಬಂದವರಿಗೆ ಹೇಳಿದ್ದು ಸುಳ್ಳಾಗುತ್ತದೆ. ಮುಂದಿನ ಆಷಾಢದಲ್ಲಿ ಗಡುವನ್ನು ಯಾರೂ ನಂಬುವುದಿಲ್ಲ. “ರಿಯಾಯಿತಿ ನಿನ್ನೆಗೇ ಮುಗೀತಕ್ಕಾ. ಗಡುವಿನೊಳಗೆ ಬಂದವರಿಗೆ ಮೋಸ ಆಗಬಾರದಲ್ವಾ? ಮುಂದಿನ ಸಲ ಶುರುವಾಗೋ ದಿನವೇ ನಿಮಗೆ ಫೋನ್ ಮಾಡ್ತೀನಿ” ಎಂದು ಹೇಳಿ, ಅವರ ನಂಬರನ್ನು ಅವರೆದುರೇ ಬರೆದುಕೊಳ್ಳುವುದು ಒಳ್ಳೆಯದು. ಮಳೆಗೆ ರಸ್ತೆ ಮುಚ್ಚಿ ಕೊನೆಯ ಎರಡು ದಿನ ಅಂಗಡಿಯೇ ತೆರೆಯದಿದ್ದರೆ ಅವಧಿ ವಿಸ್ತರಿಸಬಹುದು. ಆದರೆ ಕಾರಣವನ್ನು ಫಲಕದಲ್ಲೇ ಬರೆದು, ಕಳೆದುಹೋದ ಅಷ್ಟೇ ದಿನ ಕೊಡಬೇಕು. ಕಪಾಟಿನಲ್ಲಿ ಇನ್ನೂ ಸೀರೆ ಉಳಿದಿವೆ ಎಂಬುದು ವಿಸ್ತರಣೆಗೆ ಕಾರಣವಲ್ಲ. ಉಳಿದವನ್ನು 2,400ಕ್ಕೇ ಮಾರಬೇಕು, ಇಲ್ಲವೇ ಬೇರೊಂದು ನಿಜವಾದ ಕಾರಣ ಬರುವವರೆಗೆ ಒಳಗಿಡಬೇಕು.