ಕೂಡಬೇಕಾದದ್ದು ಬೆಲೆಯನ್ನಲ್ಲ, ಕ್ವಿಂಟಾಲನ್ನು

ಹನೂರು ತಾಲ್ಲೂಕಿನ ಒಡೆಯರಪಾಳ್ಯದ ಸುತ್ತ ಮುಸುಕಿನ ಜೋಳ ಮುಖ್ಯ ಬೆಳೆ. 1970ರ ದಶಕದಲ್ಲಿ ಇಲ್ಲಿ ನೆಲೆಯೂರಿದ ಟಿಬೆಟನ್ನರೂ ಅದನ್ನೇ ಬಿತ್ತುತ್ತಾರೆ. ಬಿತ್ತನೆ ಮುಗಿಯಿತೆಂದರೆ ಉಳುಮೆಗೂ ಬೀಜಕ್ಕೂ ಹಾಕಿದ ದುಡ್ಡು ಹೋದಂತೆಯೇ. ಆಮೇಲಿನ ಲೆಕ್ಕಕ್ಕೆ ಅದು ಬರುವುದಿಲ್ಲ. ಬರುವುದು ಕಳೆ, ಯೂರಿಯಾ, ತೆನೆ ಮುರಿಯುವ ಕೂಲಿ, ಸಾಗಣೆ. ಇನ್ನೊಂದು ಮೂಟೆ ಯೂರಿಯಾ ಸುರಿದರೆ ಇಳುವರಿ ಏರುತ್ತದೆ, ಆದರೆ ಮೊದಲ ಮೂಟೆಗೆ ಏರಿದಷ್ಟಲ್ಲ. ಹಾಗಾಗಿ ಹೆಚ್ಚಿನ ಒಂದೊಂದು ಕ್ವಿಂಟಾಲೂ ಹಿಂದಿನದಕ್ಕಿಂತ ತುಟ್ಟಿ. ಆ ಖರ್ಚು ಬೆಲೆಯನ್ನು ಮುಟ್ಟುವಲ್ಲಿ ರೈತ ಕೈ ನಿಲ್ಲಿಸುತ್ತಾನೆ. ಯಾವ ಬೆಲೆಗೆ ಎಷ್ಟು ಎಂದು ಬರೆದಿಟ್ಟರೆ ಅದೇ ಅವನ ಪೂರೈಕೆ ರೇಖೆ.

ಊರಿನ ಒಟ್ಟು ರೇಖೆ ಹೇಗೆ? ಊರೇ ಒಂದು ಮಾರುಕಟ್ಟೆ ಎಂದುಕೊಂಡು ಕಾಲ್ಪನಿಕ ಅಂಕಿ ಹಿಡಿಯೋಣ. ರಸ್ತೆ ಬದಿಯ ಹೊಲ 100. ಇವಕ್ಕೆ ಬೆಲೆ ಕ್ವಿಂಟಾಲಿಗೆ 1200 ರೂಪಾಯಿ ದಾಟಿದರೆ ಗಿಟ್ಟುತ್ತದೆ; ಅಲ್ಲಿಂದ ಬೆಲೆ 20 ರೂಪಾಯಿ ಏರಿದಂತೆಲ್ಲ ತಲಾ ಒಂದು ಕ್ವಿಂಟಾಲ್ ಹೆಚ್ಚು ಕೊಡುತ್ತವೆ. ಗಾಡಿ ಹೋಗದೆ ತಲೆಹೊರೆಯಲ್ಲೇ ತರಬೇಕಾದ ಕಾಡಂಚಿನ ಹೊಲ 50. ಇವು ಶುರುವಾಗುವುದೇ 1500ರ ಮೇಲೆ. ಅಲ್ಲಿಂದ 10 ರೂಪಾಯಿಗೊಂದು ಕ್ವಿಂಟಾಲ್.

ಬೆಲೆ 1600 ಇದ್ದರೆ ರಸ್ತೆ ಬದಿಯ ಹೊಲ ತಲಾ 20, ಒಟ್ಟು 2000. ಕಾಡಂಚಿನದು ತಲಾ 10, ಒಟ್ಟು 500. ಎರಡೂ ಸೇರಿ 2500. ಬೆಲೆಯನ್ನು ನಿಂತ ಅಕ್ಷದಲ್ಲಿ, ಪ್ರಮಾಣವನ್ನು ಮಲಗಿದ ಅಕ್ಷದಲ್ಲಿ ಬರೆಯುವುದು ವಾಡಿಕೆಯಾದ್ದರಿಂದ ಇದು ಅಡ್ಡ ಕೂಡಿಕೆ. ಎಲ್ಲರಿಗೂ ಸಿಗುವುದು ಒಂದೇ ಬೆಲೆ, ಅದನ್ನು ಕೂಡಲು ಬರುವುದಿಲ್ಲ.

ನಾನು ಓದುವಾಗ ಎಡವಿದ್ದು ಇನ್ನೊಂದು ಕಡೆ. 1400 ರೂಪಾಯಿಗೆ ಸೂತ್ರ ಹಾಕಿದೆ: ಕಾಡಂಚಿನ ಪ್ರತಿ ಹೊಲಕ್ಕೂ ಮೈನಸ್ 10 ಕ್ವಿಂಟಾಲ್ ಬಂತು! ಅದನ್ನೂ ಕೂಡಿ ಒಟ್ಟು 500 ಎಂದು ಬರೆದೆ. ಆ ಬೆಲೆಗೆ ಕಾಡಂಚಿನವರು ಸುಮ್ಮನಿರುತ್ತಾರೆಯೇ ಹೊರತು ಊರಿನ ಜೋಳ ತಿಂದುಹಾಕುವುದಿಲ್ಲ. ಸರಿಯುತ್ತರ 1000. ಒಟ್ಟು ರೇಖೆ 1500ರಲ್ಲಿ ಮುರಿದು ಅಡ್ಡಕ್ಕೆ ವಾಲಬೇಕು. ಮುರಿಯದಿದ್ದರೆ ಲೆಕ್ಕ ತಪ್ಪಿದೆ ಎಂದೇ ಅರ್ಥ.

ಈಗ ಕೊಳ್ಳುವವರು. ಜೋಳದ ದೊಡ್ಡ ಪಾಲು ಕೋಳಿ ಆಹಾರಕ್ಕೆ ಹೋಗುತ್ತದೆ. ಅವರು 1500ಕ್ಕೆ 3000 ಕ್ವಿಂಟಾಲ್, 1600ಕ್ಕೆ 2500, 1700ಕ್ಕೆ 2000 ಕೇಳುತ್ತಾರೆ ಎನ್ನಿ. 1500ರಲ್ಲಿ ಬರುವ ಜೋಳ 1500 ಕ್ವಿಂಟಾಲ್ ಮಾತ್ರ. ಸಾಲದೆ ಕೊಳ್ಳುವವರೇ ಬೆಲೆ ಏರಿಸುತ್ತಾರೆ. 1700ರಲ್ಲಿ 3500 ಬಂದು ಬೀಳುತ್ತದೆ, ಮಾರುವವರು ಇಳಿಸುತ್ತಾರೆ. ಬೇಡಿಕೆ, ಪೂರೈಕೆ ಎರಡೂ ಸಮವಾಗುವುದು 1600ರಲ್ಲಿ.

ಹೊಲಗಳ ಪೂರೈಕೆಯನ್ನು ಹೀಗೆ ಕೂಡುವುದಕ್ಕೊಂದು ಷರತ್ತಿದೆ: ಕೂಲಿ ಬದಲಾಗಬಾರದು. ಬೆಲೆ ಏರಿತೆಂದು 150 ಹೊಲದವರೂ ಒಂದೇ ವಾರ ಆಳು ಹುಡುಕಿದರೆ ಕೂಲಿಯೇ ಏರುತ್ತದೆ. ಆಗ ಪ್ರತಿ ಹೊಲದ ರೇಖೆಯೂ ಮೇಲಕ್ಕೆ ಸರಿಯುತ್ತದೆ. ಹಳೇ ಕೂಲಿಗೆ ಕೂಡಿದ 2500 ಕ್ವಿಂಟಾಲ್ 1600 ರೂಪಾಯಿಗೆ ಸಿಗುವುದಿಲ್ಲ.