ಕೆಲಸ ಹೋಯಿತು, ಒಂದೇ ಸಾಲಿನಲ್ಲಿ ಹೇಳಿ

2022ರ ನವೆಂಬರ್‌ನಲ್ಲಿ ಮೆಟಾ ಒಂದೇ ಏಟಿಗೆ 11,000 ಮಂದಿಯನ್ನು ಕೈಬಿಟ್ಟಿತು. ಎರಡು ತಿಂಗಳ ಬಳಿಕ ಗೂಗಲ್ ಸುಮಾರು 12,000 ಹುದ್ದೆ ಕಡಿತವನ್ನು ಪ್ರಕಟಿಸಿತು. 2025ರ ಜುಲೈನಲ್ಲಿ ಟಿಸಿಎಸ್ ಕೂಡ ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟು, ಅಂದರೆ 12,000ಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಲೇಆಫ್ ಎಂಬ ಪದಕ್ಕೆ ಬೆಂಗಳೂರಿನಲ್ಲಿ ಈಗ ಯಾರೂ ಹುಬ್ಬೇರಿಸುವುದಿಲ್ಲ. ಜನರನ್ನು ಹುಡುಕಿ ಕಂಪನಿಗಳಿಗೆ ಕಳಿಸುವ ರಿಕ್ರೂಟರ್‌ಗಳಂತೂ ದಿನಕ್ಕೆ ಇಂಥ ಹತ್ತಾರು ಪ್ರೊಫೈಲ್ ನೋಡುತ್ತಾರೆ. ಹಾಗಿದ್ದರೂ ಕೆಲಸ ಕಳೆದುಕೊಂಡವರು ತಮ್ಮ ಪ್ರೊಫೈಲಿನ ಸಾರಾಂಶ ಬರೆಯಲು ಕೂತಾಗ ಮೊದಲು ಬರುವುದು ಆ ಲೇಆಫ್‌ನ ಕಥೆಯೇ. ಓದುವವರಿಗೆ ಬೇಕಾದದ್ದು ಕೊನೆಗೆ ಉಳಿಯುತ್ತದೆ, ಅಥವಾ ಉಳಿಯುವುದೇ ಇಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಲೀಡ್ ಆಗಿದ್ದ ಹೆಣ್ಣುಮಗಳು. ಒಟ್ಟು ಹನ್ನೊಂದು ವರ್ಷದ ಅನುಭವ, ಅದರಲ್ಲಿ ಕೊನೆಯ ಆರು ವರ್ಷ ಒಂದೇ ಕಂಪನಿಯಲ್ಲಿ. ಮಾರ್ಚ್‌ನಲ್ಲಿ ಕಂಪನಿ ತನ್ನ ಪಾವತಿ ವಿಭಾಗವನ್ನೇ ಮುಚ್ಚಿತು, ಇಡೀ ತಂಡ ಹೊರಬಂತು. ಲಿಂಕ್ಡ್‌ಇನ್‌ನ About ಜಾಗದಲ್ಲಿ ಆಕೆ ಮೊದಲು ಬರೆದದ್ದು ಹೀಗೆ (ಪ್ರೊಫೈಲ್ ಇರುವುದು ಇಂಗ್ಲಿಷಿನಲ್ಲಿ, ಇಲ್ಲಿರುವುದು ಅದರ ಕನ್ನಡ):

“ಆರು ವರ್ಷ ಹಗಲಿರುಳು ದುಡಿದರೂ, ಎರಡು ಸಲ ಅತ್ಯುತ್ತಮ ರೇಟಿಂಗ್ ಬಂದಿದ್ದರೂ, ಆಡಳಿತ ಮಂಡಳಿಯ ದಿಢೀರ್ ನಿರ್ಧಾರದಿಂದಾಗಿ ಮಾರ್ಚ್‌ನಲ್ಲಿ ನನ್ನನ್ನು ಕೆಲಸದಿಂದ ತೆಗೆಯಲಾಯಿತು. ಇದಕ್ಕೂ ನನ್ನ ಕೆಲಸದ ಗುಣಮಟ್ಟಕ್ಕೂ ಯಾವುದೇ ಸಂಬಂಧವಿಲ್ಲ ಎಂದು ಸ್ಪಷ್ಟಪಡಿಸಲು ಬಯಸುತ್ತೇನೆ. ಟೆಸ್ಟಿಂಗ್‌ನ ಎಲ್ಲ ವಿಭಾಗಗಳಲ್ಲೂ ಅನುಭವವಿದೆ. ಯಾವುದೇ ಸೂಕ್ತ ಅವಕಾಶಕ್ಕೆ ಸಿದ್ಧಳಿದ್ದೇನೆ.”

ಇದರಲ್ಲಿ ಸುಳ್ಳಿಲ್ಲ, ಯಾರಿಗೂ ಬೈಗುಳವಿಲ್ಲ. ಆದರೆ ಮೊದಲ ವಾಕ್ಯದ ತೂಕವೆಲ್ಲ ‘ದುಡಿದರೂ’, ‘ಬಂದಿದ್ದರೂ’ ಎಂಬ ಎರಡು ಕಡೆ ಬಿದ್ದಿದೆ. ಕಹಿ ಕೂತಿರುವುದು ಅಲ್ಲಿಯೇ. ಎರಡನೆಯ ವಾಕ್ಯ ಇನ್ನೂ ಕೆಟ್ಟದ್ದು. ಕೆಲಸ ಸರಿಯಿಲ್ಲದ್ದಕ್ಕೆ ತೆಗೆದರೇ ಎಂದು ಯಾರೂ ಕೇಳಿರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಟ್ಟರೆ ಓದುವವರ ತಲೆಗೆ ಆ ಪ್ರಶ್ನೆಯನ್ನು ನಾವೇ ಹಾಕಿದಂತೆ. ಇನ್ನು ಕೊನೆಯ ಎರಡು ವಾಕ್ಯಗಳು ಯಾವ ಟೆಸ್ಟರ್‌ಗೆ ಬೇಕಾದರೂ ಹೊಂದುತ್ತವೆ. ಪಾವತಿ ಕ್ಷೇತ್ರದಲ್ಲಿ ಆರು ವರ್ಷ ಕಳೆದವರು ಎಂಬುದೇ ಎಲ್ಲಿಯೂ ಇಲ್ಲ.

ಜಾಗದ ಲೆಕ್ಕವನ್ನೂ ನೋಡಬೇಕು. About ಭಾಗದಲ್ಲಿ 2,600 ಅಕ್ಷರಗಳವರೆಗೆ ಬರೆಯಬಹುದು, ಆದರೆ ಪೂರ್ತಿ ಒಮ್ಮೆಗೇ ಕಾಣುವುದಿಲ್ಲ. ಮೊದಲ ಕೆಲವು ಸಾಲು ಕಾಣಿಸಿ, ಉಳಿದದ್ದು ‘ಇನ್ನಷ್ಟು’ ಎಂಬ ಗುಂಡಿಯ ಹಿಂದೆ ಅಡಗಿರುತ್ತದೆ. ಈಕೆಯ ಪ್ರೊಫೈಲಿನಲ್ಲಿ ಆ ಕೆಲವೇ ಸಾಲುಗಳನ್ನು ಲೇಆಫ್ ತಿಂದು ಹಾಕಿದೆ. ಗುಂಡಿ ಒತ್ತುವ ಮನಸ್ಸಿಲ್ಲದ ರಿಕ್ರೂಟರ್‌ಗೆ ಈಕೆ ಯಾರು ಎಂದು ಗೊತ್ತಾಗುವುದೇ ಇಲ್ಲ, ಏನಾಯಿತು ಎಂಬುದು ಮಾತ್ರ ಗೊತ್ತಾಗುತ್ತದೆ.

ಹಾಗಾದರೆ ಲೇಆಫ್ ವಿಷಯವನ್ನು ಎತ್ತದೇ ಬಿಟ್ಟರೆ? ಬಿಡಬಹುದು, ತಪ್ಪೇನಿಲ್ಲ. ಆದರೆ ನಮ್ಮ ಊರಿನ ಒಂದು ಪದ್ಧತಿಯಿಂದಾಗಿ ಹೇಳಿಬಿಡುವುದೇ ಹಗುರ ಎಂದು ನನ್ನ ಅಭಿಪ್ರಾಯ. ಇಲ್ಲಿನ ಬಹಳಷ್ಟು ಐಟಿ ಕಂಪನಿಗಳಲ್ಲಿ ನೋಟಿಸ್ ಪೀರಿಯಡ್ 90 ದಿನ. ನಾಳೆಯೇ ಬಂದು ಸೇರಬಲ್ಲವರಿಗೆ, ಅಂದರೆ ‘ಇಮ್ಮೀಡಿಯೆಟ್ ಜಾಯ್ನರ್’ ಅನ್ನಿಸಿಕೊಳ್ಳುವವರಿಗೆ, ಅದೇ ಕಾರಣಕ್ಕೆ ಬೇಡಿಕೆ. ಲೇಆಫ್ ಆದವರ ಕೈಯಲ್ಲಿರುವ ದೊಡ್ಡ ಅನುಕೂಲ ಇದು. ಆದರೆ ಕಾರಣ ಹೇಳದೆ ‘ಕೂಡಲೇ ಸೇರಬಲ್ಲೆ’ ಎಂದಷ್ಟೇ ಬರೆದರೆ, ಈ ಮನುಷ್ಯ ಕೈಯಲ್ಲಿ ಕೆಲಸವಿಲ್ಲದೆ ಯಾಕಿದ್ದಾರೆ ಎಂಬ ಸಂಶಯ ಅದರ ಬೆನ್ನಿಗೇ ಬರುತ್ತದೆ. ಹಾಗಾಗಿ ಕೆಲಸ ಹೋದ ಸಂಗತಿ ಕೂರಬೇಕಾದ ಜಾಗ ಅದೇ: ಸಾರಾಂಶದ ಕೊನೆಯಲ್ಲಿ, ‘ಕೂಡಲೇ ಸೇರಬಲ್ಲೆ’ ಎಂಬ ಮಾತಿನ ಪಕ್ಕ. ಅಲ್ಲಿ ಅದು ಅಳಲಾಗಿ ಕೇಳಿಸದೆ ವಿವರವಾಗಿ ಕೇಳಿಸುತ್ತದೆ.

ಆ ಒಂದು ವಾಕ್ಯದಲ್ಲಿ ಯಾವಾಗ, ಏನು ಮುಚ್ಚಿತು, ಈಗ ಏನು ಹುಡುಕುತ್ತಿದ್ದೀರಿ ಎಂಬ ಮೂರು ಸಂಗತಿ ಇದ್ದರೆ ಸಾಕು. ಆಕೆಯ ಸಾರಾಂಶವನ್ನು ತಿದ್ದಿದರೆ ಹೀಗಾಗುತ್ತದೆ:

“ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಹನ್ನೊಂದು ವರ್ಷ. ಕೊನೆಯ ಆರು ವರ್ಷ ಯುಪಿಐ ಮತ್ತು ಕಾರ್ಡ್ ವಹಿವಾಟುಗಳ ಟೆಸ್ಟ್ ಆಟೊಮೇಷನ್ ಕಟ್ಟಿ ನಡೆಸಿದೆ. ಪ್ರತಿ ರಿಲೀಸ್‌ಗೂ ಎರಡು ದಿನ ಹಿಡಿಯುತ್ತಿದ್ದ ರಿಗ್ರೆಷನ್ ಟೆಸ್ಟಿಂಗ್ ಐದು ಗಂಟೆಗೆ ಇಳಿಯಿತು. ಆರು ಜನರ ತಂಡದ ಹೊಣೆ ಹೊತ್ತಿದ್ದೆ. ಕಂಪನಿ ತನ್ನ ಪಾವತಿ ವಿಭಾಗವನ್ನು ಮುಚ್ಚಿದ್ದರಿಂದ ಮಾರ್ಚ್‌ನಲ್ಲಿ ನನ್ನ ಹುದ್ದೆ ಕೊನೆಗೊಂಡಿತು. ಬ್ಯಾಂಕಿಂಗ್ ಅಥವಾ ಪಾವತಿ ಕ್ಷೇತ್ರದಲ್ಲಿ ಟೆಸ್ಟ್ ಲೀಡ್ ಹುದ್ದೆ ಹುಡುಕುತ್ತಿದ್ದೇನೆ, ಕೂಡಲೇ ಸೇರಬಲ್ಲೆ.”

ಕೆಲಸದ ಗುಣಮಟ್ಟದ ಬಗ್ಗೆ ಮೊದಲು ಆಕೆ ಕೊಟ್ಟಿದ್ದ ಸಮಜಾಯಿಷಿಯನ್ನು ಇಲ್ಲಿ ‘ವಿಭಾಗವನ್ನು ಮುಚ್ಚಿದ್ದರಿಂದ’ ಎಂಬುದೇ ಮಾಡಿ ಮುಗಿಸಿದೆ. ಇಡೀ ವಿಭಾಗ ಹೋದಾಗ ಒಬ್ಬೊಬ್ಬರ ರೇಟಿಂಗ್‌ನ ಮಾತು ಬರುವುದಿಲ್ಲ ಎಂದು ಓದುವವರಿಗೆ ತಾನಾಗಿ ತಿಳಿಯುತ್ತದೆ. ಎರಡು ದಿನ ಐದು ಗಂಟೆಗೆ ಇಳಿದ ಲೆಕ್ಕ ರೇಟಿಂಗ್‌ಗಿಂತ ಗಟ್ಟಿಯಾದ ಸಾಕ್ಷಿ. ಒಂದು ಕಂಪನಿಯ ‘ಅತ್ಯುತ್ತಮ’ ಇನ್ನೊಂದು ಕಂಪನಿಯಲ್ಲಿ ಏನಕ್ಕೆ ಸಮ ಎಂದು ಯಾರು ಬಲ್ಲರು?

ಎಲ್ಲರಿಗೂ ಈ ಅನುಕೂಲ ಇರುವುದಿಲ್ಲ. ಹನ್ನೆರಡು ಜನರ ತಂಡದಲ್ಲಿ ಇಬ್ಬರನ್ನು ಮಾತ್ರ ತೆಗೆದಿದ್ದರೆ ‘ವಿಭಾಗ ಮುಚ್ಚಿತು’ ಎಂದು ಬರೆಯುವಂತಿಲ್ಲ. ಹಳೆಯ ಸಹೋದ್ಯೋಗಿಗಳು ಅದೇ ಲಿಂಕ್ಡ್‌ಇನ್‌ನಲ್ಲಿ ಇರುತ್ತಾರೆ, ರಿಕ್ರೂಟರ್ ಅವರಲ್ಲಿ ಒಬ್ಬರನ್ನು ವಿಚಾರಿಸಿದರೆ ಮುಗಿಯಿತು. ಅಂಥ ಕಡೆ ‘ಕಂಪನಿಯ ಪುನರ್ರಚನೆಯಲ್ಲಿ ನನ್ನ ಹುದ್ದೆ ರದ್ದಾಯಿತು’ ಎಂದರೆ ಸಾಕು. ಅದು ನಿಜವೂ ಹೌದು, ಯಾರೂ ಅಲ್ಲಗಳೆಯಲಾರರು. ಲೇಆಫ್ ಪತ್ರಿಕೆಗಳಲ್ಲಿ ಸುದ್ದಿಯಾಗಿದ್ದರೆ ಇನ್ನೂ ಸುಲಭ. ತಿಂಗಳು ಮತ್ತು ವರ್ಷ ಹಾಕಿದರೆ ಉಳಿದದ್ದು ಓದುವವರಿಗೇ ಗೊತ್ತಿರುತ್ತದೆ.

ಇಲ್ಲಿಂದ ಮುಂದಿನದು ಮಾತಿನ ನಯಕ್ಕಿಂತ ಕಾಗದದ ವಿಷಯ. ಬಹಳ ಜನ ಎಡವುವುದೂ ಇಲ್ಲಿಯೇ. ನಮ್ಮಲ್ಲಿ ಅನೇಕ ಕಂಪನಿಗಳು ‘ತೆಗೆದೆವು’ ಎಂದು ಬರೆದುಕೊಡುವುದಿಲ್ಲ. ಎಚ್‌ಆರ್ ವಿಭಾಗದವರು ಕರೆದು, ನೀವೇ ರಾಜೀನಾಮೆ ಕೊಡಿ, ಇಷ್ಟು ತಿಂಗಳ ಸಂಬಳ ಕೊಡುತ್ತೇವೆ ಅನ್ನುತ್ತಾರೆ. ಆಗ ರಿಲೀವಿಂಗ್ ಲೆಟರ್‌ನಲ್ಲಿ ಬರುವುದು ‘ನಿಮ್ಮ ರಾಜೀನಾಮೆಯನ್ನು ಅಂಗೀಕರಿಸಲಾಗಿದೆ’ ಎಂಬ ಒಕ್ಕಣೆ. ಪ್ರೊಫೈಲಿನಲ್ಲಿ ‘ಲೇಆಫ್ ಆಯಿತು’, ಪತ್ರದಲ್ಲಿ ‘ರಾಜೀನಾಮೆ’ ಎಂದಿದ್ದರೆ ಹೊಸ ಕಂಪನಿಯ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್‌ನಲ್ಲಿ ಎರಡೂ ತಾಳೆಯಾಗದೆ ಅನಗತ್ಯ ಪ್ರಶ್ನೆಗಳು ಹುಟ್ಟುತ್ತವೆ. ಆದ್ದರಿಂದ ಬರೆಯುವ ಮೊದಲು ಪತ್ರ ತೆರೆದು ನೋಡಿ. ಪತ್ರ ರಾಜೀನಾಮೆ ಅನ್ನುತ್ತಿದ್ದರೆ, ಸಾರಾಂಶದಲ್ಲಿ ‘ಪಾವತಿ ವಿಭಾಗ ಮುಚ್ಚಿದ ಬಳಿಕ ಮಾರ್ಚ್‌ನಲ್ಲಿ ಕಂಪನಿಯಿಂದ ಹೊರಬಂದೆ’ ಎಂದು ಬರೆಯಿರಿ. ಈ ವಾಕ್ಯ ನಡೆದದ್ದಕ್ಕೂ ಪತ್ರಕ್ಕೂ ಎರಡಕ್ಕೂ ಒಪ್ಪುತ್ತದೆ. ಪೂರ್ತಿ ವಿವರವನ್ನು ಫೋನಿನಲ್ಲಿ ಕೇಳಿದಾಗ ಹೇಳಿದರಾಯಿತು.

ಹಣ ಕೊಡುವಾಗ ಸಹಿ ಹಾಕಿಸಿಕೊಂಡ ಒಪ್ಪಂದವನ್ನೂ ಒಮ್ಮೆ ಓದಿ. ಕಂಪನಿಯ ಬಗ್ಗೆ ಕೆಟ್ಟದಾಗಿ ಮಾತಾಡಕೂಡದು, ಕೊಟ್ಟ ಮೊತ್ತ ಮತ್ತು ಷರತ್ತುಗಳನ್ನು ಹೊರಗೆ ಹೇಳಕೂಡದು ಎಂಬ ಕಲಮುಗಳು ಇಂಥ ಒಪ್ಪಂದಗಳಲ್ಲಿ ಸಾಮಾನ್ಯ. ಲಿಂಕ್ಡ್‌ಇನ್ ಪ್ರೊಫೈಲ್ ಯಾರು ಬೇಕಾದರೂ ಓದಬಹುದಾದ ಬರಹ. ‘ಆಡಳಿತ ಮಂಡಳಿಯ ದಿಢೀರ್ ನಿರ್ಧಾರ’ ಎಂಬಂಥ ಮಾತು ಮನಸ್ಸಿಗೆ ಸಮಾಧಾನ ಕೊಟ್ಟೀತು, ಆದರೆ ಹಳೆಯ ಕಂಪನಿಯ ಜೊತೆ ತಕರಾರಿಗೆ ಅದೊಂದೇ ಸಾಕು.

ತಾರೀಖಿನ ವಿಷಯದಲ್ಲಂತೂ ಸಡಿಲ ಕೂಡದು. ಲ್ಯಾಪ್‌ಟಾಪ್ ಲಾಗಿನ್ ಬಂದ್ ಆದ ದಿನಕ್ಕೂ ದಾಖಲೆಯಲ್ಲಿ ಕೆಲಸ ಮುಗಿದ ದಿನಕ್ಕೂ ಕೆಲವೊಮ್ಮೆ ಎರಡು ತಿಂಗಳ ಅಂತರವಿರುತ್ತದೆ, ಏಕೆಂದರೆ ನೋಟಿಸ್ ಅವಧಿಯನ್ನು ಮನೆಯಲ್ಲೇ ಕಳೆಯಲು ಬಿಟ್ಟಿರುತ್ತಾರೆ. ಪ್ರೊಫೈಲಿಗೆ ಲೆಕ್ಕ ರಿಲೀವಿಂಗ್ ಲೆಟರ್‌ನಲ್ಲಿರುವ ಕೊನೆಯ ದಿನ. ಯುಎಎನ್ ಸಂಖ್ಯೆಯ ಕೆಳಗೆ ಪಿಎಫ್ ಕಟ್ಟಿದ ತಿಂಗಳುಗಳು ಸಾಲಾಗಿ ಕಾಣುತ್ತವೆ, ಕಂಪನಿ ನಮೂದಿಸಿದ ನಿರ್ಗಮನದ ದಿನಾಂಕವೂ ಅಲ್ಲಿರುತ್ತದೆ. ವೆರಿಫಿಕೇಷನ್ ಮಾಡುವವರು ಅದನ್ನು ನೋಡಿಯೇ ನೋಡುತ್ತಾರೆ. ಕೆಲಸ ಬಿಟ್ಟು ನಾಲ್ಕು ತಿಂಗಳಾದರೂ ಪ್ರೊಫೈಲಿನಲ್ಲಿ ‘ಇಂದಿನವರೆಗೆ’ ಎಂದು ಉಳಿಸಿಕೊಳ್ಳುವವರಿದ್ದಾರೆ. ನಾಚಿಕೆಯಿಂದಲೋ, ಹೊಸ ಕೆಲಸ ಬೇಗ ಸಿಕ್ಕೀತು ಎಂಬ ಆಸೆಯಿಂದಲೋ ಹಾಗೆ ಬಿಟ್ಟಿರುತ್ತಾರೆ. ಲೇಆಫ್ ಆದದ್ದಕ್ಕೆ ಯಾರೂ ಆಫರ್ ವಾಪಸ್ ಪಡೆಯುವುದಿಲ್ಲ, ಆದರೆ ಈ ಒಂದು ‘ಇಂದಿನವರೆಗೆ’ ಕಂಡರೆ ಪಡೆದಾರು.

ಹೆಸರಿನ ಕೆಳಗೆ ಬರುವ 220 ಅಕ್ಷರಗಳ ಹೆಡ್‌ಲೈನ್‌ನಲ್ಲಿ ಲೇಆಫ್ ಸುಳಿವೂ ಬೇಡ. ರಿಕ್ರೂಟರ್‌ಗಳು ಹುಡುಕುವುದು ‘ಟೆಸ್ಟ್ ಲೀಡ್’, ‘ಪೇಮೆಂಟ್ಸ್’ ಮುಂತಾದ ಪದಗಳಿಂದ. ‘ಲೇಆಫ್‌ಗೆ ಒಳಗಾದವರು’ ಎಂದು ಯಾರೂ ಹುಡುಕುವುದಿಲ್ಲ. ಕೆಲಸ ಹುಡುಕುತ್ತಿರುವುದನ್ನು ತಿಳಿಸಲು Open to work ಎಂಬ ವ್ಯವಸ್ಥೆಯೇ ಇದೆ. ಎಲ್ಲರಿಗೂ ಕಾಣುವಂತೆ ಇಟ್ಟರೆ ಫೋಟೊದ ಸುತ್ತ ಹಸಿರು ಚೌಕಟ್ಟು ಬರುತ್ತದೆ, ರಿಕ್ರೂಟರ್‌ಗಳಿಗೆ ಮಾತ್ರ ಎಂದು ಇಟ್ಟರೆ ಬರುವುದಿಲ್ಲ. ಹಸಿರು ಚೌಕಟ್ಟು ಹಾಕಬೇಕೇ ಬೇಡವೇ ಎಂದು ಜನ ವಾದ ಮಾಡುವುದನ್ನು ನೋಡಿದ್ದೇನೆ. ಕೈಯಲ್ಲಿ ಕೆಲಸವಿಲ್ಲದವರು ಮುಚ್ಚಿಡುವುದಕ್ಕಾದರೂ ಏನಿದೆ?

2023ರಲ್ಲಿ ಒಮ್ಮೆ, 2025ರಲ್ಲಿ ಇನ್ನೊಮ್ಮೆ ಕೆಲಸ ಹೋದವರೂ ಇದ್ದಾರೆ. ಅವರು ಸಾರಾಂಶದಲ್ಲಿ ಈಚಿನದನ್ನು ಮಾತ್ರ ಹೇಳಿದರೆ ಸಾಕು. ಹಿಂದಿನದನ್ನು ಆಯಾ ಕಂಪನಿಯ ಅನುಭವದ ವಿವರದ ಕೊನೆಗೆ ‘ಘಟಕ ಮುಚ್ಚುವವರೆಗೆ’ ಎಂಬ ಎರಡು ಪದದಲ್ಲಿ ಸೇರಿಸಬಹುದು. ಎರಡನ್ನೂ ಮೇಲೆ ತಂದು ಕೂಡಿಸಿದರೆ ದುರದೃಷ್ಟದ ಪಟ್ಟಿಯಾಗುತ್ತದೆ.

ಆರು ತಿಂಗಳಾದರೂ ಕೆಲಸ ಸಿಗದಿದ್ದರೆ ಆ ಸಾಲನ್ನು ಉದ್ದ ಮಾಡುವ ಚಪಲ ಬರುತ್ತದೆ: ಮಾರುಕಟ್ಟೆ ಸರಿಯಿಲ್ಲ, ಎಲ್ಲಿಯೂ ನೇಮಕಾತಿ ನಡೆಯುತ್ತಿಲ್ಲ ಎಂದೆಲ್ಲ. ಹಳೆಯ ವಾಕ್ಯ ಇದ್ದಂತೆಯೇ ಇರಲಿ. ಅದರ ಮುಂದೆ ಆ ಮೇಲಿನ ಕೆಲಸವನ್ನು ಹೆಸರಿಟ್ಟು ಒಂದು ವಾಕ್ಯ ಸೇರಿಸಿ: ಸ್ನೇಹಿತರ ಸಣ್ಣ ಕಂಪನಿಗೆ ಎರಡು ತಿಂಗಳು ಟೆಸ್ಟಿಂಗ್ ಮಾಡಿಕೊಟ್ಟದ್ದು, ಹೊಸದೊಂದು ಟೂಲ್ ಕಲಿತು ಅದರಲ್ಲಿ ಕಟ್ಟಿದ್ದು, ಹೀಗೆ ತೋರಿಸಲು ಕೈಯಲ್ಲಿ ಏನಾದರೂ ಇರುವಂಥದ್ದು. ಹೊಸ ಕೆಲಸಕ್ಕೆ ಸೇರಿದ ವಾರ ಆ ಎರಡೂ ವಾಕ್ಯ ಅಳಿಸಬಹುದು. ಅನುಭವದ ಪಟ್ಟಿಯಲ್ಲಿ ತಿಂಗಳು, ವರ್ಷ ಇದ್ದೇ ಇರುತ್ತವೆ; ಕೇಳಿದವರಿಗೆ ಹೇಳಲು ಅಷ್ಟು ಸಾಕು.