ಒಳಕ್ಕೆ ತಿರುಗುವ ಕೂದಲು

ಶುಕ್ರವಾರ ರಾತ್ರಿ ಗುಪ್ತಾಂಗದ ಕೂದಲನ್ನು ಬ್ಲೇಡಿನಿಂದ ನುಣ್ಣಗೆ ಬೋಳಿಸಿಕೊಂಡ. ಸೋಮವಾರ ಪ್ಯಾಂಟು ತಾಗಿದರೂ ಉರಿ. ಬುಧವಾರ ಸಾಸಿವೆಯಷ್ಟು, ಕೆಲವು ಕಡಲೆಯಷ್ಟು ಕೆಂಪು ಗುಳ್ಳೆಗಳು. ನನ್ನೆದುರು ಕೂತ 22ರ ಹುಡುಗ ಹೇಳಿದ ಮೊದಲ ಮಾತು: "ಡಾಕ್ಟ್ರೇ, ನಾನು ಯಾವ ತಪ್ಪೂ ಮಾಡಿಲ್ಲ." ಗುಹ್ಯರೋಗ ಅಂಟಿತೆಂದು ಹೆದರಿದ್ದ.

ಭೂತಗನ್ನಡಿ ಹಿಡಿದು ನೋಡಿದರೆ ಒಂದು ಗುಳ್ಳೆಯ ಚರ್ಮದಡಿ ಕಪ್ಪು ಕೂದಲು ಕುಣಿಕೆಯಂತೆ ಮಡಚಿಕೊಂಡಿತ್ತು. ಅಲ್ಲಿನ ಕೂದಲು ಗುಂಗುರು. ಬ್ಲೇಡು ಅದನ್ನು ಓರೆಯಾಗಿ ಕತ್ತರಿಸಿದಾಗ ತುದಿ ಸೂಜಿಯಂತಾಗುತ್ತದೆ. ಬೆಳೆಯುತ್ತಾ ಬಾಗಿ ಪಕ್ಕದ ಚರ್ಮಕ್ಕೇ ಚುಚ್ಚುತ್ತದೆ. ಚರ್ಮ ಎಳೆದುಹಿಡಿದು ಬೋಳಿಸಿದರಂತೂ ತುಂಡಾದ ಕೂದಲು ರಂಧ್ರದೊಳಗೇ ಸರಿದು, ಒಳಗೇ ಚುಚ್ಚುತ್ತದೆ. ಮುಳ್ಳು ಹೊಕ್ಕಾಗ ಆಗುವ ಹಾಗೆಯೇ ದೇಹ ಅದರ ಸುತ್ತ ಊದಿಕೊಳ್ಳುತ್ತದೆ.

ಮದ್ದಿಗಿಂತ ಮೊದಲು ಬೇಕಾದದ್ದು ಬಿಡುವು. ಮೂರು ನಾಲ್ಕು ವಾರ ಬ್ಲೇಡು ಮುಟ್ಟಬೇಡ ಎಂದೆ. ಕೂದಲು ಒಂದು ಸೆಂಟಿಮೀಟರಿನಷ್ಟು ಬೆಳೆದರೆ ಹೆಚ್ಚಾಗಿ ತಾನೇ ಸೆಟೆದು ಹೊರಬರುತ್ತದೆ. ದಿನಕ್ಕೆ ಮೂರು ಬಾರಿ, ಹತ್ತು ನಿಮಿಷ, ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯ ಶಾಖ; ಸಡಿಲವಾದ ಹತ್ತಿಯ ಒಳಉಡುಪು. ಹಿಸುಕುವುದು, ಪಿನ್ನಿನಿಂದ ಕೆದಕುವುದು, ಚಿಮಟದಿಂದ ಕಿತ್ತುಹಾಕುವುದು ಬೇಡ. ಕಿತ್ತ ಕೂದಲು ಮತ್ತೆ ಒಳಗಿಂದಲೇ ಹುಟ್ಟುತ್ತದಲ್ಲ!

ಅಷ್ಟರಲ್ಲಿ ಅವನು ಜೇಬಿನಿಂದ ಮೆಡಿಕಲ್ ಶಾಪಿನವರು ಕೊಟ್ಟ ಟ್ಯೂಬೊಂದನ್ನು ತೆಗೆದ. ನನಗೆ ನಿಜಕ್ಕೂ ಸಿಟ್ಟು ಬರುವುದು ಇಲ್ಲಿ. ತೀಕ್ಷ್ಣ ಸ್ಟೀರಾಯ್ಡ್, ಶಿಲೀಂಧ್ರದ ಮದ್ದು, ಆಂಟಿಬಯೋಟಿಕ್ ಎಲ್ಲ ಕಲಸಿದ ಮುಲಾಮು. ಎರಡು ದಿನ ಉರಿ ಇಳಿಸುತ್ತದೆ. ಹಚ್ಚುತ್ತಲೇ ಹೋದರೆ ತೊಡೆಸಂದಿಯ ತೆಳು ಚರ್ಮ ಇನ್ನಷ್ಟು ತೆಳುವಾಗಿ ಬಿರುಕುಗೆರೆ ಮೂಡುತ್ತದೆ, ಹುಳುಕಡ್ಡಿ ಇದ್ದರೆ ಹರಡುತ್ತದೆ.

ಸೋಂಕು ತಗುಲಿದರೆ ಚಿತ್ರವೇ ಬೇರೆ. ಒಂದು ಗುಳ್ಳೆ ದಿನದಿಂದ ದಿನಕ್ಕೆ ದೊಡ್ಡದಾಗುತ್ತಾ ಕುರುವಾಗುತ್ತದೆ, ಕೀವು ತುಂಬುತ್ತದೆ, ಮುಟ್ಟಿದರೆ ಬಿಸಿ, ಸುತ್ತಲಿನ ಕೆಂಪು ಹರಡುತ್ತದೆ. ಪೆನ್ನಿನಿಂದ ಕೆಂಪಿನ ಅಂಚಿಗೆ ಗೆರೆ ಎಳೆದಿಟ್ಟರೆ, ಅದು ಗೆರೆ ದಾಟಿತೇ ಎಂಬುದು ಮರುದಿನ ತಿಳಿಯುತ್ತದೆ. ದಾಟಿದರೆ, ಜ್ವರ ಬಂದರೆ, ಅಂದೇ ವೈದ್ಯರಲ್ಲಿಗೆ ಹೋಗಬೇಕು. ಕುರುವಿಗೆ ಕೆಲವೊಮ್ಮೆ ಕೊಯ್ದು ಕೀವು ತೆಗೆಯಬೇಕಾಗುತ್ತದೆ. ಸಕ್ಕರೆ ಕಾಯಿಲೆ ಇದ್ದವರು ಇಷ್ಟೂ ಕಾಯಬಾರದು. ಕಾಣುವ ಗಾಯಕ್ಕೆ ಮೀರಿದ ನೋವು, ಚರ್ಮ ಕಪ್ಪಾಗುವುದು, ಇವು ರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕಾದ ಲಕ್ಷಣ. ನೀರ್ಗುಳ್ಳೆಗಳ ಗೊಂಚಲು ಅಥವಾ ನೋವಿಲ್ಲದ ಹುಣ್ಣು ಕಂಡರೆ ಅದು ಕೂದಲಿನ ತಕರಾರಲ್ಲದಿರಬಹುದು, ಪರೀಕ್ಷೆ ಮಾಡಿಸಿ.

ಹುಡುಗನಿಗೆ ಕೀವಿರಲಿಲ್ಲ. ಒಂದು ತಿಂಗಳಲ್ಲಿ ಗುಳ್ಳೆ ಇಳಿದವು, ಕಪ್ಪು ಕಲೆ ಮಾತ್ರ ಇನ್ನೂ ಇದೆ. ಈಗ ಟ್ರಿಮ್ಮರಿನಲ್ಲಿ ಮೂರು ಮಿಲಿಮೀಟರ್ ಬಿಟ್ಟು ಕತ್ತರಿಸುತ್ತಾನೆ.